ಬಡ್ತಿಯ ಪ್ರಕಟಣೆ ಮತ್ತು ಬಡ್ತಿ ಸಿಗದವರು

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ 1880ರಲ್ಲಿ ಸೇರಿದ್ದ ಪ್ರಮಥನಾಥ ಬೋಸ್ ಅವರನ್ನು ಬಿಟ್ಟು, ಸೇವೆಯಲ್ಲಿ ಅವರಿಗಿಂತ ಹತ್ತು ವರ್ಷ ಕಿರಿಯರಾದ ಥಾಮಸ್ ಹಾಲೆಂಡ್ ಅವರನ್ನು 1903ರಲ್ಲಿ ನಿರ್ದೇಶಕರನ್ನಾಗಿ ಮಾಡಲಾಯಿತು. ಬೋಸ್ ಇಲಾಖೆಯನ್ನು ತೊರೆದು ಮಯೂರ್‌ಭಂಜ್ ಸಂಸ್ಥಾನದ ಸೇವೆಗೆ ಸೇರಿದರು, ಅಲ್ಲಿನ ಕಬ್ಬಿಣದ ಅದಿರಿನ ಬಗ್ಗೆ 1904ರಲ್ಲಿ ಜಮ್‌ಶೇಟ್‌ಜಿ ಟಾಟಾ ಅವರಿಗೆ ಪತ್ರ ಬರೆದರು, ಟಾಟಾ ಉಕ್ಕು ಕಂಪನಿಯ ಹುಟ್ಟಿಗೆ ಆ ಪತ್ರ ಕಾರಣಗಳಲ್ಲೊಂದಾಯಿತು. ಹಾಲೆಂಡ್ ಅಸಮರ್ಥರಾಗಿರಲಿಲ್ಲ, ಆದರೆ ಬ್ರಿಟಿಷ್ ಆಡಳಿತದಲ್ಲಿ ಬೋಸ್ ಅವರಂಥ ಭಾರತೀಯರನ್ನು ಹಿಂದಿಟ್ಟದ್ದಕ್ಕೆ ಅವರ ಮುಂದೆ ನಿಂತು ಹೇಳಬಹುದಾದ ಕಾರಣವೇ ಇರಲಿಲ್ಲ. ಬಡ್ತಿಯ ಪ್ರಕಟಣೆಯನ್ನು ಬರೆಯುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಇಲ್ಲಿ ಬರೆಯುವ ಕಾರಣವನ್ನು ಬಡ್ತಿ ಸಿಗದವರ ಎದುರು ಓದಲು ಸಾಧ್ಯವೇ?

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕವೊಂದನ್ನು ಉದಾಹರಣೆಯಾಗಿ ಕಲ್ಪಿಸಿಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ಹೊಲಿಗೆ ವಿಭಾಗದ ಸೂಪರ್‌ವೈಸರ್ ಹುದ್ದೆ ಖಾಲಿಯಾಗಿದೆ. ಒಬ್ಬರು ಹಿರಿಯ ಟೈಲರ್, ಎಲ್ಲರಿಗಿಂತ ವೇಗವಾಗಿ ಹೊಲಿಯುವವರು. ಇನ್ನೊಬ್ಬರು ಓವರ್‌ಲಾಕ್ ಯಂತ್ರದಲ್ಲಿ ಕೂರುವವರು, ವೇಗದಲ್ಲಿ ಸಾಧಾರಣ, ಆದರೆ ಕಾಜಾ-ಬಟನ್‌ವರೆಗೆ ಎಲ್ಲ ಯಂತ್ರಗಳನ್ನೂ ನಡೆಸಬಲ್ಲವರು, ಚೆಕಿಂಗ್‌ನಿಂದ ವಾಪಸು ಬಂದ ಮಾಲನ್ನು ನೋಡಿ ತಪ್ಪು ಯಾವ ಹಂತದಲ್ಲಾಯಿತೆಂದು ಗುರುತಿಸಬಲ್ಲವರು. ಮಾಲೀಕರು ಎರಡನೆಯವರನ್ನು ಆರಿಸಿ "ಇವರು ನಮ್ಮಲ್ಲಿ ಅತ್ಯುತ್ತಮರು" ಎಂದು ಪ್ರಕಟಿಸಿದರೆ, ಅದು ಸುಳ್ಳೂ ಹೌದು, ಮೊದಲನೆಯವರಿಗೆ ಅವಮಾನವೂ ಹೌದು. ಹೊಗಳಿಕೆಯಲ್ಲಿ ಹೋಲಿಕೆ ಅಡಗಿರುವುದರಿಂದ, ಯಾರ ಹೆಸರನ್ನೂ ಎತ್ತದೆಯೇ ಉಳಿದವರನ್ನೆಲ್ಲ ಅದು ಕೆಳಗಿಳಿಸುತ್ತದೆ. ಬದಲಿಗೆ ಕಾರಣವನ್ನು ವ್ಯಕ್ತಿಯಿಂದಲ್ಲ, ಹುದ್ದೆಯಿಂದ ಆರಂಭಿಸಬೇಕು: "ಸೂಪರ್‌ವೈಸರ್ ಕೆಲಸಕ್ಕೆ ಎಲ್ಲ ಯಂತ್ರಗಳ ಪರಿಚಯ ಮತ್ತು ವಾಪಸು ಬಂದ ಮಾಲಿನ ತಪ್ಪನ್ನು ಪತ್ತೆಹಚ್ಚುವ ಅನುಭವ ಬೇಕು, ಈ ಎರಡನ್ನು ಗಮನಿಸಿ ಇವರನ್ನು ನೇಮಿಸಲಾಗಿದೆ." ವೇಗದ ಪ್ರಸ್ತಾಪ ಇಲ್ಲಿ ಬರುವುದಿಲ್ಲ, ಏಕೆಂದರೆ ಈ ಹುದ್ದೆಗೆ ಅದು ಬೇಕಿಲ್ಲ. ವೇಗದ ಟೈಲರ್ ಸೋತವರೆಂದು ಇದರಿಂದ ಯಾರೂ ಓದಿಕೊಳ್ಳಲಾರರು.

ಹೊಸ ಹೊಣೆಯನ್ನು ವಿವರಿಸುವಲ್ಲಿ ಎಡವುವುದು ಇನ್ನೂ ಹೆಚ್ಚು. ಪೀಸ್ ರೇಟ್ ಪದ್ಧತಿಯಲ್ಲಿ, ಅಂದರೆ ಹೊಲಿದ ಬಟ್ಟೆಯ ಲೆಕ್ಕಕ್ಕೆ ಕೂಲಿ ಕೊಡುವ ಕಡೆ, ಯಾವ ಬಂಡಲ್ ಯಾರಿಗೆ ಎಂದು ತೀರ್ಮಾನಿಸುವವರ ಕೈಯಲ್ಲಿ ಎಲ್ಲರ ಗಳಿಕೆಯೂ ಇರುತ್ತದೆ. ಸುಲಭದ ಬಂಡಲ್ ಸಿಕ್ಕವರು ಹೆಚ್ಚು ಗಳಿಸುತ್ತಾರೆ, ತೊಡಕಿನದು ಸಿಕ್ಕವರು ಕಡಿಮೆ. ನಿನ್ನೆಯವರೆಗೆ ಪಕ್ಕದಲ್ಲಿ ಕೂತು ಹೊಲಿಯುತ್ತಿದ್ದವರು ಇಂದು ಬಂಡಲ್ ಹಂಚುವವರಾದಾಗ ಏಳುವ ಅನುಮಾನಕ್ಕೆ ಅಭಿನಂದನೆಯ ಮಾತುಗಳು ಉತ್ತರವಾಗುವುದಿಲ್ಲ. ಆದ್ದರಿಂದ ಪ್ರಕಟಣೆಯಲ್ಲಿ ಮೂರು ಸಂಗತಿಗಳಾದರೂ ಇರಬೇಕು: ಬಂಡಲ್ ಹಂಚಿಕೆ ಯಾವ ದಿನದಿಂದ ಹೊಸ ಸೂಪರ್‌ವೈಸರ್ ಅವರದ್ದು, ಹಂಚಿಕೆಯ ಬಗ್ಗೆ ತಕರಾರಿದ್ದರೆ ಯಾರ ಬಳಿ ಹೋಗಬೇಕು, ಮತ್ತು ಯಾವುದು ಬದಲಾಗುವುದಿಲ್ಲ. ಅಳತೆಯ ವಿಷಯದಲ್ಲಿ ಕಟಿಂಗ್ ಮಾಸ್ಟರ್ ಮಾತೇ ಕೊನೆಯದು, ಹೊಸಬರಿಗೆ ಹೊಲಿಗೆ ಕಲಿಸುವ ಕೆಲಸ ಹಿರಿಯ ಟೈಲರ್ ಅವರದ್ದೇ ಎಂದು ಬರೆದಾಗ, ಉಳಿದವರ ಸ್ಥಾನ ಹೊಗಳಿಕೆಯಿಲ್ಲದೆಯೇ ಲಿಖಿತವಾಗಿ ಭದ್ರವಾಗುತ್ತದೆ. ಆದರೆ ಸಮಾಧಾನಕ್ಕೆಂದು ಕೆಲಸವಿಲ್ಲದ ಪದನಾಮವೊಂದನ್ನು ಸೃಷ್ಟಿಸಿ ಕೊಡುವುದು ಮಾತ್ರ ತಪ್ಪು. ಅದು ಪೊಳ್ಳೆಂದು ಘಟಕದಲ್ಲಿ ಎಲ್ಲರಿಗೂ ಬೇಗ ತಿಳಿಯುತ್ತದೆ.

ಕ್ರಮದ ಮಾತೂ ಇದೆ. ಹುದ್ದೆಯನ್ನು ನಿರೀಕ್ಷಿಸಿದ್ದವರಿಗೆ ಪ್ರಕಟಣೆಗೆ ಮೊದಲೇ, ಪ್ರತ್ಯೇಕವಾಗಿ ಕರೆದು, ಪ್ರಕಟಣೆಯಲ್ಲಿರುವ ಕಾರಣವನ್ನೇ ಹೇಳಬೇಕು. ಒಳಗೊಂದು, ಹೊರಗೊಂದು ಕಾರಣ ಹೇಳಿದರೆ ಅವೆರಡೂ ಊಟದ ಹೊತ್ತಿನಲ್ಲಿ ಪಕ್ಕಪಕ್ಕದಲ್ಲೇ ಕೂರುತ್ತವೆ.

ಈ ವಿಷಯದಲ್ಲಿ ಸರ್ಕಾರಿ ಕಚೇರಿಗಳನ್ನು ಮೆಚ್ಚುವುದು ವಾಡಿಕೆಯಲ್ಲ. ಆದರೂ ಅಲ್ಲಿನ ಒಂದು ಕ್ರಮ ಅನುಕರಣೀಯ. ಜ್ಯೇಷ್ಠತಾ ಪಟ್ಟಿಯನ್ನು, ಅಂದರೆ ಸೇವಾ ಹಿರಿತನದ ಪಟ್ಟಿಯನ್ನು, ಮೊದಲು ತಾತ್ಕಾಲಿಕವಾಗಿ ಪ್ರಕಟಿಸಿ, ಆಕ್ಷೇಪಣೆಗಳನ್ನು ಕರೆದು, ಅವುಗಳನ್ನು ಪರಿಶೀಲಿಸಿದ ನಂತರ ಅಂತಿಮ ಪಟ್ಟಿ ಹೊರಡಿಸಲಾಗುತ್ತದೆ; ಬಡ್ತಿಯ ಆದೇಶ ಬರುವುದು ಅದಾದ ಮೇಲೆ. ನ್ಯಾಯಾಲಯದವರೆಗೆ ಹೋಗುವ ತಕರಾರುಗಳು ಇದರಿಂದ ನಿಂತಿಲ್ಲ, ಆದರೆ ಯಾವ ಆಧಾರದ ಮೇಲೆ ಜಗಳವೆಂಬುದು ಎಲ್ಲರಿಗೂ ತಿಳಿದಿರುತ್ತದೆ. ಖಾಸಗಿ ಘಟಕಗಳು ಹಿರಿತನವನ್ನೇ ಮಾನದಂಡವಾಗಿಸಬೇಕಿಲ್ಲ. ಹುದ್ದೆ ಖಾಲಿಯಾದ ದಿನವೇ ಅದಕ್ಕೆ ಬೇಕಾದ ಅರ್ಹತೆಗಳನ್ನು ನೋಟಿಸ್ ಬೋರ್ಡಿನಲ್ಲಿ ಹಾಕಿ, ಬಡ್ತಿಯ ಪ್ರಕಟಣೆಯನ್ನು ಆ ಹಾಳೆಯ ಪಕ್ಕದಲ್ಲೇ ಅಂಟಿಸಲಿ.