ಕಟ್ಟಿದರೂ, ಕಟ್ಟಿದ್ದರೂ

ಹೋದ ವಾರ ಸಂಜೆ ದೀಪ ಹಚ್ಚೋ ಹೊತ್ತಿಗೆ ಪಕ್ಕದ ಮನೆ ದೊಡ್ಡಪ್ಪ ಮೊಬೈಲ್ ಹಿಡ್ಕೊಂಡು ಬಂದ್ರು. "ಏನವ್ವ, ನೀನು ಇಂಗ್ಲಿಷ್ ಓದಿದೋಳು. ಇದೇನು ಬರ್ದಿದಾರೆ ನೋಡು. ನಾನು ದುಡ್ಡೇ ಕಟ್ಟಿಲ್ವಂತೆ!" ಅಂದ್ರು. ಮುಖ ಕೆಂಪಗಾಗಿತ್ತು.

ವಿಷಯ ಇಷ್ಟೇ. ನಮ್ಮ ಹಿರೇಗುಂಟನೂರಿನ ಬಹಳಷ್ಟು ಜನರ ಹಾಗೆ ಅವರೂ ಶೇಂಗಾ ಬೆಳೆಗೆ ವಿಮೆ ಕಟ್ಟಿದ್ದರು. ಮಳೆ ಕೈಕೊಟ್ಟು ಬೆಳೆ ಒಣಗಿತು, ಪರಿಹಾರ ಬರಲಿಲ್ಲ. ಪಿಯುಸಿ ಓದೋ ಮೊಮ್ಮಗನ ಕೈಲಿ ಇಂಗ್ಲಿಷಿನಲ್ಲಿ ಒಂದು ಮೇಲ್ ಹಾಕಿಸಿದ್ದರು. ಅದಕ್ಕೆ ಬಂದ ಉತ್ತರ: ಪ್ರೀಮಿಯಂ ಕಟ್ಟಿದವರ ಅರ್ಜಿಯನ್ನು ಮಾತ್ರ ನೋಡುತ್ತೇವೆ, ನೀವು ಕಟ್ಟುವುದಾದರೆ ಕೊನೆಯ ದಿನದೊಳಗೆ ಕಟ್ಟಿ.

ಹುಡುಗ ಬರೆದಿದ್ದನ್ನು ತೆಗೆದು ಓದಿದೆ. ‘ಈವನ್ ಇಫ್ ಐ ಪೇ ದ ಪ್ರೀಮಿಯಂ, ಕಾಂಪೆನ್ಸೇಷನ್ ಈಸ್ ನಾಟ್ ಕಮಿಂಗ್’ ಅಂತಿತ್ತು. ಓದಿದವರಿಗೆ ಏನು ಅನ್ನಿಸಬೇಕು? ‘ನಾನು ಕಟ್ಟಿದರೂ ಅಷ್ಟೇ, ಪರಿಹಾರ ಬರೋದಿಲ್ಲ ಬಿಡಿ’ ಅಂತ ಯಾರೋ ಕಟ್ಟದೇ ಇರುವವರು ದೂರುತ್ತಿದ್ದಾರೆ ಅನ್ನಿಸುತ್ತದೆ. ಉತ್ತರ ಬರೆದವರು ಹಾಗೇ ತಿಳ್ಕೊಂಡಿದ್ದಾರೆ.

ಹುಡುಗನನ್ನು ಬೈಯೋಕೆ ಹೋಗಬೇಡಿ. ತಾತ ಹೇಳಿದ್ದು "ಪ್ರೀಮಿಯಂ ಕಟ್ಟಿದ್ರೂ ಪರಿಹಾರ ಬರ್ತಿಲ್ಲ" ಅಂತ. ಅವನ ತಲೆಯಲ್ಲಿ ‘ರೆ’ ಅಂದ್ರೆ ‘ಇಫ್’, ‘ರೂ’ ಅಂದ್ರೆ ‘ಈವನ್ ಇಫ್’ ಅಂತ ಕೂತುಬಿಟ್ಟಿದೆ. ಅದು ಅರ್ಧ ನಿಜ. ಹಳಗನ್ನಡದಲ್ಲಿ ‘ಬಂದೊಡೆ’ ಅಂತ ಇದ್ದದ್ದು ವಚನಗಳ ಕಾಲಕ್ಕೆ ‘ಬಂದಡೆ’ ಆಗಿ, ಈಗ ‘ಬಂದರೆ’ ಆಗಿದೆ. ಅದಕ್ಕೆ ‘ರಾಮನೂ ಬಂದ’ ಅನ್ನುವಾಗ ಬರೋ ‘ಊ’ ಸೇರಿಸಿದರೆ ‘ಬಂದರೂ’. ‘ಇಫ್’ ಹಿಂದೆ ‘ಈವನ್’ ಸೇರಿಸಿದ ಹಾಗೇ ಇದೆ. ಆದರೆ ಇಂಗ್ಲಿಷಿನವರು ಇಲ್ಲಿ ಎರಡು ಮನೆ ಕಟ್ಟಿಕೊಂಡಿದ್ದಾರೆ. ಆಗಿದೆಯೋ ಇಲ್ಲವೋ ಗೊತ್ತಿಲ್ಲದ, ಬರೀ ಊಹೆಯ ಮಾತಿಗೆ ‘ಈವನ್ ಇಫ್’. ಆಗಿಹೋದದ್ದಕ್ಕೆ, ಇರುವುದಕ್ಕೆ ‘ಈವನ್ ದೋ’. ನಮ್ಮಲ್ಲಿ ಎರಡಕ್ಕೂ ಒಂದೇ ‘ರೂ’.

ಹಾಗಾದ್ರೆ ನಾವು ದಿನಾ ಮಾತಾಡುವಾಗ ಗಲಿಬಿಲಿ ಯಾಕಾಗಲ್ಲ? ವಾಕ್ಯದ ಕೊನೆಯ ಕ್ರಿಯಾಪದ ನಮಗೆ ದಾರಿ ತೋರಿಸುತ್ತದೆ. ನಮ್ಮ ಮಾರಿಕಣಿವೆ ವಾಣಿವಿಲಾಸ ಸಾಗರವನ್ನೇ ತಗೊಳ್ಳಿ. 1933ರಲ್ಲಿ ಕೋಡಿ ಬಿದ್ದದ್ದು, ಆಮೇಲೆ 89 ವರ್ಷ ಬೀಳಲೇ ಇಲ್ಲ, 2022ರಲ್ಲಿ ಮತ್ತೆ ಬಿತ್ತು. ಆ ನಡುವೆ ಒಂದು ವರ್ಷ ಜೋರು ಮಳೆ ಆಯಿತು ಅಂತಿಟ್ಟುಕೊಳ್ಳಿ. ಮಳೆಗಾಲಕ್ಕೆ ಮುಂಚೆ ಒಬ್ಬರು "ಜೋರು ಮಳೆ ಬಂದರೂ ಕೋಡಿ ಬೀಳೋದಿಲ್ಲ" ಅಂತಾರೆ. ಮಳೆ ಇನ್ನೂ ಬಂದಿಲ್ಲ, ಇದು ಊಹೆ, ‘ಈವನ್ ಇಫ್’. ಮಳೆಗಾಲ ಮುಗಿದ ಮೇಲೆ ಅವರೇ "ಜೋರು ಮಳೆ ಬಂದರೂ ಕೋಡಿ ಬೀಳಲಿಲ್ಲ" ಅಂತಾರೆ. ಮಳೆ ಬಂದಾಗಿದೆ, ‘ಈವನ್ ದೋ’. ‘ಬಂದರೂ’ ಅನ್ನೋ ಪದ ಒಂದಕ್ಷರವೂ ಬದಲಾಗಿಲ್ಲ, ಬದಲಾದದ್ದು ಬೀಳೋದಿಲ್ಲ, ಬೀಳಲಿಲ್ಲ ಅಷ್ಟೇ.

ಮಕ್ಕಳು ಎಡವುವ ಕಲ್ಲು ಇದೇ. ‘ಬಂದ’, ‘ಕಟ್ಟಿದ’ ಅನ್ನೋದು ನೋಡೋಕೆ ಆಗಿಹೋದ ಕಾಲದ ರೂಪ. ಆದರೆ ‘ರೆ’, ‘ರೂ’ ಸೇರಿದ ಮೇಲೆ ಅದು ಕಾಲ ಹೇಳೋದು ಬಿಟ್ಟುಬಿಡುತ್ತದೆ. "ನಾಳೆ ಮಳೆ ಬಂದರೆ" ಅಂತೀವಲ್ಲ, ನಾಳೆಗೂ ‘ಬಂದ’ಕ್ಕೂ ಏನು ಸಂಬಂಧ? ಹಾಗಾಗಿ ಇಂಗ್ಲಿಷಿಗೆ ತಿರುಗಿಸುವಾಗ ವಾಕ್ಯದ ಮೊದಲರ್ಧ ಓದಿ ಪೆನ್ನು ಹಿಡೀಬೇಡಿ. ಕೊನೇ ತನಕ ಕೇಳಿ, ಆಮೇಲೆ ಹಿಡೀರಿ.

ಇನ್ನೊಂದು ತೊಡಕು ನಮ್ಮ ನಾಲಗೆಯದ್ದು. ಬರೆಯುವಾಗ ‘ಕಟ್ಟಿದರೂ’ ಬೇರೆ, ‘ಕಟ್ಟಿದ್ದರೂ’ ಬೇರೆ. ಎರಡನೆಯದರಲ್ಲಿ ‘ಇದ್ದ’ ಅಡಗಿದೆ, ಕೆಲಸ ಮುಗಿದು ನಿಂತಿದೆ ಅನ್ನೋ ಅರ್ಥ. ಮಾತಿನಲ್ಲಿ ಎರಡೂ ‘ಕಟ್ಟಿದ್ರೂ’ ಆಗಿಬಿಡುತ್ತವೆ. ತಾತ ಯಾವುದು ಹೇಳಿದರು ಅಂತ ಮೊಮ್ಮಗನಿಗೆ ಕಿವಿಯಿಂದ ಗೊತ್ತಾಗೋ ಹಾಗೇ ಇರಲಿಲ್ಲ. ಮೂರು ವಾಕ್ಯ ಬರೆದು ತೋರಿಸಿದೆ:

ಕಟ್ಟಿದರೂ ಬರೋದಿಲ್ಲ. ಇನ್ನೂ ಕಟ್ಟಿಲ್ಲ. ‘ಈವನ್ ಇಫ್ ಐ ಪೇ, ಇಟ್ ವಿಲ್ ನಾಟ್ ಕಮ್.’

ಕಟ್ಟಿದ್ದರೂ ಬಂದಿಲ್ಲ. ಕಟ್ಟಿ ಆಗಿದೆ. ‘ಈವನ್ ದೋ ಐ ಪೇಡ್, ಇಟ್ ಹ್ಯಾಸ್ ನಾಟ್ ಕಮ್.’

ಕಟ್ಟಿದ್ದರೂ ಬರುತ್ತಿರಲಿಲ್ಲ. ಕಟ್ಟಲೇ ಇಲ್ಲ, ಈಗ ಕಾಲ ಮೀರಿದೆ. ‘ಈವನ್ ಇಫ್ ಐ ಹ್ಯಾಡ್ ಪೇಡ್, ಇಟ್ ವುಡ್ ನಾಟ್ ಹ್ಯಾವ್ ಕಮ್.’

ಎರಡನೆಯದು, ಮೂರನೆಯದು ನೋಡಿ. ‘ಕಟ್ಟಿದ್ದರೂ’ ಅಂತ ಶುದ್ಧವಾಗಿ ಬರೆದರೂ ಸಾಲದು. ಒಂದರಲ್ಲಿ ದುಡ್ಡು ಕಟ್ಟಿದ್ದಾರೆ, ಇನ್ನೊಂದರಲ್ಲಿ ಕಟ್ಟಿಲ್ಲ. ಮತ್ತೆ ತೀರ್ಪು ಕೊಡೋದು ಕೊನೆಯ ಪದವೇ.

ನಾನು ಹುಡುಗನಿಗೆ ಹೇಳಿಕೊಟ್ಟ ಉಪಾಯ ಸುಲಭದ್ದು. ‘ರೂ’ ಇರೋ ವಾಕ್ಯವನ್ನು ಎರಡಾಗಿ ಒಡೆದು, ನಡುವೆ ‘ಆದರೂ’ ಇಟ್ಟು ನೋಡು. "ಕಟ್ಟಿದೀನಿ. ಆದರೂ ಬಂದಿಲ್ಲ." ಸರಿಹೋಯ್ತಾ, ಮೊದಲ ತುಂಡು ನಿಜವಾ? ಹಾಗಾದ್ರೆ ‘ಈವನ್ ದೋ’. ಒಡೆದರೆ ಸುಳ್ಳಾಗುತ್ತೆ, ಆದರೆ ಮುಂದೆ ‘ಒಂದು ವೇಳೆ’ ಸೇರಿಸಿದರೆ ಒಪ್ಪುತ್ತೆ ಅಂದ್ರೆ ‘ಈವನ್ ಇಫ್’. "ಒಂದು ವೇಳೆ ಜೋರು ಮಳೆ ಬಂದರೂ ಕೋಡಿ ಬೀಳೋದಿಲ್ಲ", ಸರಿಯಾಗಿದೆ. "ಒಂದು ವೇಳೆ ಜೋರು ಮಳೆ ಬಂದರೂ ಕೋಡಿ ಬೀಳಲಿಲ್ಲ" ಅನ್ನಿ, ಬಾಯಿಗೇ ಹಿಡಿಸಲ್ಲ.

ಈ ಉಪಾಯ ಕೈಕೊಡೋ ಜಾಗವೂ ಉಂಟು. "ನನ್ನ ಹತ್ರ ದುಡ್ಡಿದ್ರೂ ಕೊಡಲ್ಲ" ಅಂದ್ರೆ ದುಡ್ಡು ಇದೆಯೋ ಇಲ್ಲವೋ? ಎರಡೂ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಅಲ್ಲಿ ವ್ಯಾಕರಣ ಸಹಾಯಕ್ಕೆ ಬರಲ್ಲ, ಹೇಳಿದವರನ್ನೇ ಕೇಳಬೇಕು. ಕನ್ನಡದಲ್ಲೇ ಅರ್ಜಿ ಬರೆಯುವಾಗ ಇಂಥ ಕಡೆ ‘ಇದ್ದಾಗ್ಯೂ’, ‘ಕಟ್ಟಿದಾಗ್ಯೂ’ ಅಂತ ಬರೆದರೆ ಆಗಿರುವ ಸಂಗತಿ ಅಂತ ಹೆಚ್ಚು ಸ್ಪಷ್ಟವಾಗುತ್ತದೆ. ಕಚೇರಿ ಕಾಗದಗಳಲ್ಲಿ ಆ ರೂಪ ಈಗಲೂ ಉಳಿದಿದೆ.

ಹುಡುಗ ಎಲ್ಲ ಕೇಳಿ ಮೇಲ್ ತಿದ್ದಿದ. ‘ಈವನ್ ದೋ ಐ ಪೇಡ್ ದ ಪ್ರೀಮಿಯಂ, ಬಟ್ ಐ ಹ್ಯಾವ್ ನಾಟ್...’ ಅಂತ ಶುರು ಮಾಡಿದ. ಆ ‘ಬಟ್’ ತೆಗೆಸಿದೆ. ನಾವು "ಕಟ್ಟಿದ್ರೂನೂ, ಆದ್ರೂ ಬಂದಿಲ್ಲ" ಅಂತ ಒತ್ತಿ ಹೇಳ್ತೀವಲ್ಲ, ಅದರ ನೆರಳು ಅದು. ಇಂಗ್ಲಿಷಿನಲ್ಲಿ ‘ದೋ’ ಇದ್ದ ಮೇಲೆ ‘ಬಟ್’ ಬೇಡ, ಒಂದೇ ಸಾಕು. ಕಟ್ಟಿದ ತಾರೀಕು ಬರೆಸಿ, ರಸೀದಿ ಫೋಟೋನೂ ಜೊತೆಗೆ ಹಾಕಿಸಿದೆ.

ದೊಡ್ಡಪ್ಪ ಕಾಫಿ ಲೋಟ ಕೆಳಗಿಟ್ಟು, "ಈಗಾದ್ರೂ ದುಡ್ಡು ಬರುತ್ತೇನವ್ವ?" ಅಂದ್ರು.

"ಬಂದರೆ ಒಳ್ಳೇದು ದೊಡ್ಡಪ್ಪ. ಬರದಿದ್ದರೂ, ನೀವು ಕಟ್ಟೇ ಇಲ್ಲ ಅಂತ ಇನ್ನು ಯಾರೂ ಬರೆಯಲ್ಲ" ಅಂದೆ.

ನಾನು ಹೇಳಿದ ಆ ‘ಬರದಿದ್ದರೂ’ ಈವನ್ ಇಫ್ಫೋ, ಈವನ್ ದೋನೋ? ನಿಮ್ಮ ಮನೆ ಮಕ್ಕಳನ್ನು ಕೇಳಿ ನೋಡಿ.