ಉತ್ತರಕ್ಕೆ ಮೊದಲು ಪ್ರಶ್ನೆಯನ್ನು ಎರಡೂ ಭಾಷೆಯಲ್ಲಿ ಹೇಳಿ

ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ರೈತು ವೇದಿಕೆಗಳಲ್ಲಿ, ಪಂಚಾಯ್ತಿ ಕಟ್ಟೆಗಳಲ್ಲಿ, ಶಾಲೆಯ ಅಂಗಳಗಳಲ್ಲಿ ಮೈಕು ಹಿಡಿದು ನಿಲ್ಲುವ ಎಲ್ಲರಿಗೂ ಈ ಮನವಿ. ನೀವು ಕೃಷಿ ಅಧಿಕಾರಿ ಆಗಿರಬಹುದು, ಆರೋಗ್ಯ ಕೇಂದ್ರದ ವೈದ್ಯರು ಆಗಿರಬಹುದು, ಬ್ಯಾಂಕಿನವರು ಅಥವಾ ಮಹಿಳಾ ಸಂಘದ ಲೀಡರಮ್ಮ ಆಗಿರಬಹುದು. ಮಾತು ಮುಗಿಸಿ ‘ಏನಾದರೂ ಕೇಳೋದಿದೆಯೇ?’ ಎಂದಾಗ ಹಿಂದಿನ ಸಾಲಿನಿಂದ ಸಿಟ್ಟಿನ ದನಿಯೊಂದು ಏಳುತ್ತದಲ್ಲ, ನಾನು ಹೇಳಬೇಕಾದದ್ದು ಆ ಗಳಿಗೆಯ ಬಗ್ಗೆ. ಗಡಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದ ಮೇಲೆ ಇಂಥ ಸಭೆಗಳಿಗೆ ಕನ್ನಡಕ್ಕೂ ತೆಲುಗಿಗೂ ನಡುವೆ ನಿಲ್ಲಲು ನನ್ನನ್ನು ಕರೆಯುತ್ತಾರೆ. ಹೀಗಾಗಿ ಆ ಗಳಿಗೆಯನ್ನು ಬಹಳ ಸಲ ಹತ್ತಿರದಿಂದ ನೋಡಿದ್ದೇನೆ. ನಾನೇ ಅದನ್ನು ಕೆಡಿಸಿದ್ದೂ ಉಂಟು.

2025ರ ಆಗಸ್ಟ್ ಕೊನೆ. ತೆಲಂಗಾಣದ ತುಂಬ ಯೂರಿಯಾಕ್ಕೆ ಹಾಹಾಕಾರ ಎದ್ದಿದ್ದ ದಿನಗಳು. ರೈತರು ಅಂಗಡಿ ಮುಂದೆ ಚಪ್ಪಲಿಗಳನ್ನು ಸಾಲಾಗಿ ಬಿಟ್ಟು, ಪಕ್ಕದ ನೆರಳಿನಲ್ಲಿ ತಮ್ಮ ಸರದಿ ಕಾಯುತ್ತಿದ್ದರು. ಅದೇ ವಾರ ಮಕ್ತಲ್ ಕಡೆಯ ಒಂದು ಹಳ್ಳಿಯಲ್ಲಿ ಮಣ್ಣು ಪರೀಕ್ಷೆಯ ಸಭೆ ಇತ್ತು. ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ಎಳೆಯ ಅಧಿಕಾರಿ, ಒಳ್ಳೆಯ ಹೆಣ್ಣುಮಗಳು, ತೆಲುಗಿನಲ್ಲಿ ಚೆನ್ನಾಗಿಯೇ ಮಾತಾಡಿದಳು. ಮಣ್ಣಿನ ಮಾದರಿ ತೆಗೆಯುವುದು ಹೇಗೆ, ಫಲಿತಾಂಶದ ಕಾರ್ಡು ಓದುವುದು ಹೇಗೆ, ಯೂರಿಯಾ ಯಾಕೆ ಅತಿಯಾಗಬಾರದು, ಎಲ್ಲ ಇಪ್ಪತ್ತೈದು ನಿಮಿಷದಲ್ಲಿ ಮುಗಿಸಿದಳು. ಪ್ರಶ್ನೆ ಕೇಳಿ ಎಂದದ್ದೇ ತಡ, ಕಂಬಕ್ಕೆ ಒರಗಿ ಕೂತಿದ್ದ ತಾತ ಒಬ್ಬರು ಕನ್ನಡದಲ್ಲಿ ಶುರುಮಾಡಿದರು.

‘ಯೂರಿಯಾ ಕಮ್ಮಿ ಹಾಕ್ರಿ ಅಂತ ಹೇಳಾಕ ಬಂದೀರಿ. ಮೂರು ದಿನ ಆತು, ಚಪ್ಪಲಿ ಸಾಲಿಗಿಟ್ಟು ನಿಂತೀನಿ, ಒಂದು ಚೀಲ ಸಿಕ್ಕಿಲ್ಲ. ಇಲ್ಲದ್ದನ್ನ ಕಮ್ಮಿ ಹೆಂಗ ಹಾಕೂದು? ನಿಮಗೇನು, ತಿಂಗಳಾತಂದ್ರ ಸಂಬಳ ಬರ್ತದ.’

ಜನ ನಕ್ಕರು. ಆ ಹುಡುಗಿಗೆ ಮಾತು ಅರ್ಥವಾಗಲಿಲ್ಲ, ನಗು ಅರ್ಥವಾಯಿತು. ಮುಖ ಕೆಂಪಾಯಿತು. ಆಗ ನಾನು ಮಾಡಿದ ತಪ್ಪು ಇದು: ‘ಯೂರಿಯಾ ಸರಬರಾಜಿನ ಬಗ್ಗೆ ಕೇಳ್ತಿದ್ದಾರೆ ಮೇಡಂ’ ಎಂದು ತೆಲುಗಿನಲ್ಲಿ ಒಂದೇ ಸಾಲು ಹೇಳಿಬಿಟ್ಟೆ. ಮಾತನ್ನು ಮೆತ್ತಗೆ ಮಾಡಿದರೆ ಸಭೆ ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ಆದರೆ ನಮ್ಮ ಸೀಮೆಯಲ್ಲಿ ಕನ್ನಡ ಮಾತಾಡುವವರಿಗೆ ತೆಲುಗು ಕಿವಿಗೆ ಬಿದ್ದೇ ಬಿದ್ದಿರುತ್ತದೆ. ತಾತ ಎದ್ದು ನಿಂತರು. ‘ಸಾರ್, ನಾ ಅಂದದ್ದು ಅದಲ್ಲ’ ಎಂದರು. ದನಿ ಮೊದಲಿಗಿಂತ ಎತ್ತರಕ್ಕೆ ಹೋಗಿತ್ತು. ಅವರಿಗೆ ಈಗ ಎರಡು ಸಿಟ್ಟು. ಒಂದು ಯೂರಿಯಾದ್ದು, ಇನ್ನೊಂದು ತನ್ನ ಮಾತನ್ನು ನುಂಗಿಹಾಕಿದ್ದರದ್ದು.

ನಾನು ಕ್ಷಮೆ ಕೇಳಿ ಮತ್ತೆ ಹೇಳಿದೆ, ಈ ಸಲ ಎರಡೂ ಭಾಷೆಯಲ್ಲಿ: ‘ತಾತ ಮೂರು ದಿನ ಸಾಲಿನಲ್ಲಿ ನಿಂತಿದ್ದಾರೆ, ಒಂದು ಚೀಲವೂ ಸಿಕ್ಕಿಲ್ಲ. ಸಿಗದ ಗೊಬ್ಬರವನ್ನು ಕಡಿಮೆ ಹಾಕಿ ಅಂದರೆ ಏನರ್ಥ ಅಂತ ಕೇಳ್ತಿದ್ದಾರೆ. ಹೌದಾ ತಾತಾ?’ ಅವರು ‘ಹೂಂ, ಅದ’ ಎಂದು ಕೂತರು. ಉತ್ತರ ಇನ್ನೂ ಬಂದಿರಲಿಲ್ಲ, ಆದರೂ ಕೂತರು.

ನಿಮ್ಮಲ್ಲಿ ಕೇಳಿಕೊಳ್ಳುವುದು ಈ ಒಂದು ಅಭ್ಯಾಸವನ್ನು. ಸಿಟ್ಟಿನ ಪ್ರಶ್ನೆಯೊಳಗೆ ಸಾಮಾನ್ಯವಾಗಿ ಮೂರು ಬೆರೆತಿರುತ್ತವೆ. ವಿಷಯ, ನೋವು, ಚುಚ್ಚು. ತಾತನ ಮಾತಿನಲ್ಲಿ ವಿಷಯವೆಂದರೆ ಇಲ್ಲದ ಗೊಬ್ಬರಕ್ಕೆ ಈ ಸಲಹೆ ಹೇಗೆ ಒಪ್ಪುತ್ತದೆ ಎಂಬುದು. ನೋವು, ಮೂರು ದಿನದ ಸಾಲು. ಚುಚ್ಚು, ಸಂಬಳದ ಮಾತು. ಮರುಹೇಳುವಾಗ ವಿಷಯವನ್ನು ಪೂರ್ತಿ ಹೇಳಿ, ನೋವನ್ನು ಅವರದೇ ಅಂಕಿಯೊಂದಿಗೆ ಹೇಳಿ (‘ಮೂರು ದಿನ’ ಎಂಬುದನ್ನು ‘ಬಹಳ ದಿನ’ ಮಾಡಬೇಡಿ), ಚುಚ್ಚನ್ನು ಬಿಟ್ಟುಬಿಡಿ. ಅದಕ್ಕೆ ಉತ್ತರವೂ ಬೇಡ, ಬೇಜಾರೂ ಬೇಡ. ಆಮೇಲೆ ‘ಸರಿಯಾಗಿ ಹೇಳಿದೆನೇ?’ ಎಂದು ಕೇಳಿದವರನ್ನೇ ಕೇಳಿ. ಅವರು ತಲೆ ಆಡಿಸುವವರೆಗೆ ಉತ್ತರ ಶುರುಮಾಡಬೇಡಿ. ತಲೆ ಆಡಲಿಲ್ಲವೆಂದರೆ ನೀವು ಏನನ್ನೋ ಬಿಟ್ಟಿದ್ದೀರಿ, ನಾನು ಬಿಟ್ಟಂತೆ.

ಎರಡು ಭಾಷೆಯ ಸಭೆಯಲ್ಲಿ ಇದಕ್ಕೆ ಇನ್ನೊಂದು ಲಾಭವಿದೆ. ಅರ್ಧ ಸಭೆಗೆ ಪ್ರಶ್ನೆಯೇ ಗೊತ್ತಿರದಿದ್ದರೆ ಆ ಅರ್ಧಕ್ಕೆ ನಿಮ್ಮ ಉತ್ತರ ಜಗಳದ ತುಂಡಿನಂತೆ ಕೇಳುತ್ತದೆ. ಭಾಷಾಂತರವಾಗುವ ಆ ಅರ್ಧ ನಿಮಿಷ ನಿಮಗೂ ಉಸಿರಾಡಲು ಸಿಗುತ್ತದೆ. ದನಿ ಇಳಿಸಿಕೊಳ್ಳಲು ಅಷ್ಟು ಸಾಕು.

ಆ ಅಧಿಕಾರಿಯ ಉತ್ತರವನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ. ‘ತಾತಾ, ಚೀಲ ಯಾವಾಗ ಬರುತ್ತದೆ ಎಂದು ಹೇಳುವ ಅಧಿಕಾರ ನನಗಿಲ್ಲ, ಸುಳ್ಳು ಹೇಳುವುದಿಲ್ಲ’ ಎಂದಳು. ‘ಆದರೆ ಒಂದೇ ಚೀಲ ಸಿಕ್ಕರೆ ಏನು ಮಾಡಬೇಕೆಂದು ಹೇಳಬಲ್ಲೆ.’ ನಲವತ್ತೈದು ಕಿಲೋ ಚೀಲದಲ್ಲಿ ಸಾರಜನಕ ಇರುವುದು ಇಪ್ಪತ್ತೊಂದು ಕಿಲೋಗೂ ಚೂರು ಕಡಿಮೆ. ಭತ್ತದ ಗದ್ದೆಗೆ ಅದನ್ನೆಲ್ಲ ಒಂದೇ ಸಲ ಎರಚಬೇಡಿ, ಅರ್ಧವನ್ನು ತೆಂಡೆ ಒಡೆಯುವಾಗ, ಇನ್ನರ್ಧವನ್ನು ಬುಡದೊಳಗೆ ತೆನೆ ಮೂಡುವಾಗ ಹಾಕಿ. ಹಾಕುವ ಮೊದಲು ನಿಂತ ನೀರು ಬಸಿಯಿರಿ, ಒಂದು ದಿನ ಬಿಟ್ಟು ಮತ್ತೆ ನೀರು ಕಟ್ಟಿ, ಇಲ್ಲದಿದ್ದರೆ ದುಡ್ಡು ನೀರಿನ ಜೊತೆ ಹೋಗುತ್ತದೆ. ಇಪ್ಪತ್ತೈದು ನಿಮಿಷದ ಭಾಷಣದಲ್ಲಿ ಇಲ್ಲದ್ದು ಈ ಎರಡು ನಿಮಿಷದಲ್ಲಿ ಬಂತು. ಮಾತು ಶುರುಮಾಡುವಾಗ ಅವಳು ತಾತನನ್ನು ನೋಡುತ್ತಿದ್ದಳು, ಮುಗಿಸುವಾಗ ಎದುರಿಗಿದ್ದ ಎಲ್ಲರನ್ನೂ. ಇದನ್ನು ಬೇಕೆಂದೇ ರೂಢಿ ಮಾಡಿಕೊಳ್ಳಿ. ಕೊನೆಯವರೆಗೂ ಒಬ್ಬರನ್ನೇ ನೋಡುತ್ತ ನಿಂತರೆ ಅದು ಇಬ್ಬರ ವಾದವಾಗುತ್ತದೆ, ಆತನಿಗೂ ಮತ್ತೆ ಏಳಲೇಬೇಕು ಅನಿಸುತ್ತದೆ.

ಆಮೇಲೆ ಒಬ್ಬರು ಪಟ್ಟಾದಾರ್ ಪಾಸ್‌ಬುಕ್ಕಿನ ಜೆರಾಕ್ಸ್ ಹಿಡಿದು ಎದ್ದರು. ಮೂರು ಎಕರೆ ಇಪ್ಪತ್ತು ಗುಂಟೆ ಇರಬೇಕಾದಲ್ಲಿ ಎರಡು ಎಕರೆ ಬಿದ್ದಿದೆಯಂತೆ. ಮಣ್ಣು ಪರೀಕ್ಷೆಗೂ ಇದಕ್ಕೂ ಏನು ಸಂಬಂಧ? ಸಂಬಂಧವಿಲ್ಲ. ಹಾಗೆಂದು ಮುಖದ ಮೇಲೆ ಹೇಳಿಬಿಡುವವರೇ ಹೆಚ್ಚು. ದಯವಿಟ್ಟು ಹಾಗೆ ಹೇಳಬೇಡಿ. ಕೂಲಿ ಬಿಟ್ಟು ಬಂದ ಮನುಷ್ಯನಿಗೆ ತಿಂಗಳಲ್ಲಿ ಎದುರಿಗೆ ಸಿಕ್ಕ ಸರಕಾರಿ ಮುಖ ಎಂದರೆ ನಿಮ್ಮದೊಂದೇ ಇರಬಹುದು. ಹಾಗೆಂದು ಅಲ್ಲೇ ಆ ಪುರಾಣ ಬಿಚ್ಚಲು ಬಿಟ್ಟರೂ ತಪ್ಪೇ, ಕೈಯಲ್ಲಿ ಜೆರಾಕ್ಸ್ ಇರುವವರು ಇನ್ನೂ ಹತ್ತು ಜನ ಏಳುತ್ತಾರೆ, ಗೊಬ್ಬರ ಕೇಳಲು ಬಂದ ಹೆಂಗಸರು ಎದ್ದು ಮನೆಗೆ ಹೋಗುತ್ತಾರೆ.

ನಾವು ಗೋಡೆಗೆ ಒಂದು ಚಾರ್ಟು ಹಾಳೆ ಅಂಟಿಸಿರುತ್ತೇವೆ. ಸಭೆ ಶುರುವಾಗುವ ಮೊದಲೇ ಅಂಟಿಸಬೇಕು, ಸಿಟ್ಟು ಬಂದ ಮೇಲೆ ತಂದರೆ ಅದು ಬಾಯಿ ಮುಚ್ಚಿಸುವ ಉಪಾಯದಂತೆ ಕಾಣುತ್ತದೆ. ಅದರ ಮೇಲೆ ಎಲ್ಲರಿಗೂ ಕಾಣುವಷ್ಟು ದಪ್ಪಕ್ಷರದಲ್ಲಿ ಬರೆದೆವು: ಪಾಸ್‌ಬುಕ್ಕು, ವಿಸ್ತೀರ್ಣ ಕಡಿಮೆ. ಪಕ್ಕದಲ್ಲೇ, ಯಾರ ಬಳಿ, ಯಾವಾಗ: ಭೂಭಾರತಿ ಅರ್ಜಿ, ತಹಶೀಲ್ದಾರ್ ಕಚೇರಿ. ಅಲ್ಲಿ ಆಗದಿದ್ದರೆ ಸೋಮವಾರ ಕಲೆಕ್ಟರ್ ಕಚೇರಿಯ ಪ್ರಜಾವಾಣಿ. ಬರೆದದ್ದನ್ನು ಓದಿ ಹೇಳಿ, ‘ಅಣ್ಣಾ, ಸಭೆ ಮುಗಿದ ಮೇಲೆ ಹೊರಗೆ ಐದು ನಿಮಿಷ ನಿಮ್ಮ ಕಾಗದ ನೋಡ್ತೀನಿ’ ಎಂದೆ. ಹಾಗೆ ಹೇಳಿದ ಮೇಲೆ ನಿಲ್ಲಲೇಬೇಕು. ಜೀಪು ಹತ್ತಿ ಹೋದರೆ ಮುಂದಿನ ಸಭೆಯಲ್ಲಿ ಆ ಹಾಳೆಯನ್ನು ಯಾರೂ ನಂಬುವುದಿಲ್ಲ.

ಅಂದು ಎದ್ದ ಮೂರನೆಯ ಸಿಟ್ಟಿನ ದನಿ ನಮ್ಮ ಸೀಮೆಗೇ ವಿಶೇಷವಾದದ್ದು. ಮುಂದಿನ ಸಾಲಿನ ಒಬ್ಬ ಹುಡುಗ ತೆಲುಗಿನಲ್ಲಿ ಗದರಿದ: ಇದು ತೆಲಂಗಾಣ, ಕನ್ನಡದಲ್ಲಿ ಯಾಕೆ ಹೇಳ್ತಾ ಟೈಮು ಹಾಳು ಮಾಡ್ತೀರಿ? ಇನ್ನೊಂದು ಊರಿನಲ್ಲಿ ಇದಕ್ಕೆ ತಿರುಗುಮುರುಗಾಗಿ, ತೆಲುಗು ಯಾಕೆ ಎಂದು ಕೇಳಿದವರೂ ಇದ್ದಾರೆ. ಹಿಂದೊಮ್ಮೆ ಗದ್ವಾಲ ಕಡೆ ಇಂಥ ಮಾತಿಗೆ ನಾನು ಇತಿಹಾಸ ಬಿಚ್ಚಿದ್ದೆ. ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು, ಆಮೇಲೆ ಆಂಧ್ರ ಪ್ರದೇಶಕ್ಕೆ ಸೇರಿದವು ಎಂದೆಲ್ಲ. ಹೇಳಿದ್ದೆಲ್ಲ ನಿಜವೇ. ಆದರೆ ಅಂದು ಕುಷ್ಠರೋಗದ ಲಕ್ಷಣಗಳ ಬಗ್ಗೆ ಹೇಳಲು ಬಂದ ವೈದ್ಯರು ಒಂದು ಗಂಟೆ ಸುಮ್ಮನೆ ಕೂತರು, ಜನ ಎರಡು ಪಂಗಡವಾದರು. ಆ ದಿನದ ಬೇಸರ ನನ್ನನ್ನು ಬಿಟ್ಟಿಲ್ಲ. ಹಾಗಾಗಿ ಈ ಸಲ ‘ತಮ್ಮಾ, ಎರಡು ನಿಮಿಷ ಹೆಚ್ಚು ಹಿಡಿಯುವುದು ನಿಜ. ಹಿಂದಿನ ಸಾಲಿನ ಅಜ್ಜಿಗೂ ಗದ್ದೆ ಇದೆ. ನಿನ್ನ ಪ್ರಶ್ನೆ ಏನು, ಅದನ್ನೇ ಮೊದಲು ತಗೋತೀವಿ’ ಎಂದೆ. ಅವನ ಬಳಿ ಪ್ರಶ್ನೆ ಇತ್ತು, ಹತ್ತಿಗೆ ಪೊಟ್ಯಾಶ್ ಬೇಕೇ ಎಂದು. ಕೇಳಿದ.

ಶಾಂತಿಗೂ ಮಿತಿಯಿದೆ, ಅದನ್ನೂ ಹೇಳಬೇಕು. ಜಾತಿ ಹಿಡಿದು ಬೈದರೆ, ಹೆಣ್ಣುಮಗಳ ಮೈಮುಖದ ಬಗ್ಗೆ ಮಾತಾಡಿದರೆ ಅದು ಪ್ರಶ್ನೆಯಲ್ಲ, ಮರುಹೇಳಬೇಡಿ. ‘ಈ ಮಾತು ಇಲ್ಲಿ ನಡೆಯುವುದಿಲ್ಲ’ ಎಂದು ಒಮ್ಮೆ ಹೇಳಿ ಮುಂದಿನವರಿಗೆ ಮೈಕು ಕೊಡಿ. ಅಂಥ ಹೊತ್ತಿಗೆ ಊರ ಹಿರಿಯರು ಸುಮ್ಮನೆ ಕೂರಬಾರದು, ಅಧಿಕಾರಿ ಹುಡುಗಿಯೊಬ್ಬಳೇ ಎದುರಿಸಲಿ ಎಂದು ಬಿಡಬಾರದು. ಕುಡಿದು ಬಂದವರನ್ನು ಪರಿಚಯಸ್ಥರು ಹೆಗಲಿಗೆ ಕೈಹಾಕಿ ಹೊರಗೆ ಕರೆದೊಯ್ಯಲಿ, ಮೈಕಿನಲ್ಲಿ ಅವಮಾನ ಮಾಡುವುದು ಬೇಡ. ಇನ್ನೊಂದು ಮಾತು ಮೈಕು ಹಿಡಿದವರಿಗೇ. ನಿಮ್ಮ ಇಲಾಖೆಯ ತಪ್ಪನ್ನೇ ಯಾರೋ ಎತ್ತಿ ಆಡಿದಾಗ ನಯವಾದ ಮಾತಿನ ಹಿಂದೆ ಅಡಗಬೇಡಿ. ಸೌಮ್ಯ ದನಿಯಲ್ಲಿ ಹೇಳಿದ ಹಾರಿಕೆಯ ಉತ್ತರವನ್ನು ಜನ ಕೂಡಲೇ ಗುರುತಿಸುತ್ತಾರೆ. ‘ಒಳ್ಳೆ ಪ್ರಶ್ನೆ’ ಎಂದು ಶುರುಮಾಡುವವರ ಉತ್ತರ ಬಹುಮಟ್ಟಿಗೆ ಹಾಗೇ ಇರುವುದನ್ನು ಕೇಳಿ ಕೇಳಿ ಜನಕ್ಕೆ ಸಾಕಾಗಿದೆ. ತಪ್ಪಾಗಿದ್ದರೆ ತಪ್ಪಾಗಿದೆ ಎನ್ನಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಯಾವ ದಿನ ತಿಳಿದುಕೊಂಡು ಹೇಳುತ್ತೀರಿ ಎಂಬುದನ್ನೂ ಸೇರಿಸಿ.

ಕಡೆಯದಾಗಿ, ಸಭೆ ಮುಗಿಯುವ ಮೊದಲು ಬಂದ ಪ್ರಶ್ನೆಗಳನ್ನೆಲ್ಲ ಓದಿ. ಇದು ನನ್ನ ಸ್ವಂತ ಕಲ್ಪನೆಯಲ್ಲ. ಕಾರ್ಖಾನೆ, ಗಣಿಗಳ ಪರಿಸರ ಸಾರ್ವಜನಿಕ ವಿಚಾರಣೆಗೆ 2006ರ ಸೆಪ್ಟೆಂಬರ್ 14ರ ಕೇಂದ್ರ ಅಧಿಸೂಚನೆಯಲ್ಲೇ ಈ ನಿಯಮವಿದೆ. ಹಾಜರಿದ್ದ ಪ್ರತಿಯೊಬ್ಬರಿಗೂ ಕೇಳುವ ಅವಕಾಶ ಕೊಡಬೇಕು, ಹೇಳಿದ ಅಭಿಪ್ರಾಯ ಆತಂಕಗಳ ಸಾರಾಂಶವನ್ನು ಕೊನೆಗೆ ಸಭೆಗೇ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ದೊಡ್ಡ ಯೋಜನೆಗೆ ಇರುವ ಈ ಮರ್ಯಾದೆಯನ್ನು ಮಣ್ಣಿನ ಕಾರ್ಡಿನ ಸಭೆಗೂ ಕೊಡೋಣ. ನಮ್ಮಲ್ಲಿ ಸ್ಥಳೀಯ ಭಾಷೆ ಎಂದರೆ ಎರಡು, ಹಾಗಾಗಿ ಎರಡರಲ್ಲೂ ಓದೋಣ.

ಅಂದು ನಾವು ಹನ್ನೊಂದು ಪ್ರಶ್ನೆ ಓದಿದೆವು. ಮೊದಲನೆಯದು ತಾತನದು. ಓದುವಾಗ ಅವರು ಎದ್ದು ನಿಂತು, ‘ಮೂರು ದಿನ ಅಂತ ಬರಕೊಂಡೀರೇನು?’ ಎಂದು ಕೇಳಿದರು. ಆ ಹುಡುಗಿ ಹಾಳೆಯನ್ನು ಅವರ ಕಡೆ ತಿರುಗಿಸಿ, ಆ ಅಂಕಿಯ ಮೇಲೆ ಬೆರಳಿಟ್ಟು ತೋರಿಸಿದಳು.