ಖೋ ಖೋ ಆಟವನ್ನು ಓಟದಿಂದಲ್ಲ, ಕುಳಿತುಕೊಳ್ಳುವುದರಿಂದ ಕಲಿಸತಕ್ಕದ್ದು

ಕಳೆದ ವರ್ಷ ಹರಪನಹಳ್ಳಿಯ ಕಡೆಯಿಂದ ಮಗಳನ್ನು ನೋಡಲು ಬಂದಿದ್ದ ಒಬ್ಬ ತಂದೆಯವರು ನಮ್ಮ ಆಟದ ಬಯಲಿನ ಅಂಚಿನಲ್ಲಿ ಅರ್ಧ ಗಂಟೆ ನಿಂತು ನೋಡಿದ ಬಳಿಕ, "ಅಕ್ಕಾರ, ಆಟಕ್ಕೆ ಬಿಟ್ಟೀವಿ ಅಂತೀರಿ, ನಮ್ಮ ಹುಡುಗಿ ಬರೇ ಕುಂದ್ರೋದು ಏಳೋದು ಮಾಡಾಕ ಹತ್ಯಾಳಲ್ರೀ" ಎಂದು ನಮ್ಮನ್ನು ಕೇಳಿದರು. ಪ್ರಶ್ನೆಯು ನ್ಯಾಯವಾದದ್ದೇ. ಆ ದಿನ ಕೆಲಸದ ಅವಸರದಲ್ಲಿ ಅವರಿಗೆ ಸರಿಯಾದ ಉತ್ತರವನ್ನು ಕೊಡಲಾಗಲಿಲ್ಲವಾದುದರಿಂದ, ಅವರಂತೆಯೇ ಯೋಚಿಸುವ ಇತರ ಪೋಷಕರಿಗೂ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಶಾಲೆಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸುತ್ತಲಿನ ಗ್ರಾಮಗಳಿಂದ ಬರುವ ಬಾಲಿಕೆಯರಿಗೆ ಓಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಮುಟ್ಟಾಟ, ಕುಂಟಾಟಗಳಲ್ಲಿ ಬೆಳೆದ ಮಕ್ಕಳವರು. ಆದರೆ ಆ ಆಟಗಳಲ್ಲಿ ಓಡುವವಳು ಯಾವ ಕಡೆಗೆ ತಿರುಗಿದರೆ ಅಟ್ಟುವವಳೂ ಆ ಕಡೆಗೆ ತಿರುಗಬಹುದು. ಖೋ ಖೋ ಆಟದಲ್ಲಿ ಅಟ್ಟುವವಳಿಗೆ ಅದೇ ನಿಷಿದ್ಧ. 1914ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದವರು ಈ ಆಟಕ್ಕೆ ನಿಯಮಗಳನ್ನು ಕಟ್ಟಿದರು. ಅವು ಕಾಲಕಾಲಕ್ಕೆ ತಿದ್ದಲ್ಪಟ್ಟು ಇಂದಿನ ರೂಪಕ್ಕೆ ಬಂದಿವೆ. ಅಟ್ಟುವವಳು ನಡುವಣ ಪಟ್ಟಿಯನ್ನು ದಾಟಕೂಡದು, ಒಮ್ಮೆ ಹಿಡಿದ ದಿಕ್ಕನ್ನು ಕಂಬ ಸೇರುವ ತನಕ ಬಿಡಕೂಡದು, ಕುಳಿತವಳು ಖೋ ದೊರೆಯದೆ ಏಳಕೂಡದು ಎಂಬ ಈ ಕಟ್ಟಳೆಗಳು ಮಗುವಿನ ಸಹಜ ಬುದ್ಧಿಗೆ ವಿರುದ್ಧವಾದುವು. ಆದಕಾರಣ ಮೊದಲನೆಯ ದಿನವೇ ಒಂಬತ್ತು ಮಂದಿಯನ್ನು ಬಯಲಿಗಿಳಿಸಿ, ಮೂವರು ಓಟಗಾರ್ತಿಯರನ್ನು ಒಳಕ್ಕೆ ಬಿಟ್ಟು, ತಪ್ಪಿದಾಗಲೆಲ್ಲ ಸೀಟಿ ಊದುವ ಪದ್ಧತಿಯನ್ನು ನಾವು ಒಪ್ಪುವುದಿಲ್ಲ. ಮಗುವು ಏಕಕಾಲಕ್ಕೆ ನಾಲ್ಕು ತಪ್ಪುಗಳನ್ನು ಮಾಡುತ್ತದೆ. ಸೀಟಿಯು ಯಾವುದಕ್ಕೆಂಬುದು ಅದಕ್ಕೆ ತಿಳಿಯುವುದಿಲ್ಲ.

ಆ ಪದ್ಧತಿಯನ್ನು ನಾವೂ ಅನೇಕ ವರ್ಷ ಅನುಸರಿಸಿದೆವೆಂಬುದನ್ನು ಮರೆಮಾಡಲಾರೆವು. ಹಡಗಲಿಯ ಕಡೆಯ ಒಂದು ಹಳ್ಳಿಯಿಂದ ಎಂಟನೆಯ ತರಗತಿಗೆ ಬಂದ ಒಬ್ಬ ಬಾಲಿಕೆಯು ಓಟದ ಪಂದ್ಯದಲ್ಲಿ ಎಲ್ಲರನ್ನೂ ಹಿಂದಿಕ್ಕುವವಳು. ಖೋ ಖೋ ಬಯಲಿನಲ್ಲಿ ಮಾತ್ರ ಅವಳು ಎದ್ದಾಗಲೆಲ್ಲ ಫೌಲ್. ಎರಡು ವಾರಗಳಲ್ಲಿ ಅವಳಿಗೆ ಕಾಲುನೋವು ಹತ್ತಿಕೊಂಡಿತು. ಆಟದ ಹೊತ್ತಿಗೆ ಸರಿಯಾಗಿ ಬರುವ ಕಾಲುನೋವು. ಈ ಆಟ ಅವಳಿಗೆ ಒಗ್ಗದೆಂದು ನಾವು ತೀರ್ಮಾನಿಸಿಬಿಟ್ಟೆವು. ಆ ತೀರ್ಮಾನವು ತಪ್ಪೆಂದು ತಿಳಿದದ್ದು ಹೇಗೆಂಬುದನ್ನು ಮುಂದೆ ಹೇಳುವೆವು.

ಈಗ ನಮ್ಮಲ್ಲಿ ಮೊದಲನೆಯ ಪಾಠವು ಕುಳಿತುಕೊಳ್ಳುವುದು. ಎಂಟು ಚೌಕಗಳಲ್ಲಿ ಎಂಟು ಮಂದಿ, ಒಬ್ಬಳ ಮುಖ ಪಡುವಣಕ್ಕಾದರೆ ಪಕ್ಕದವಳ ಮುಖ ಮೂಡಣಕ್ಕೆ. ನಮ್ಮ ಮಕ್ಕಳಿಗೆ ಕುಕ್ಕರಗಾಲಿನಲ್ಲಿ ಕೂರುವುದು ಮನೆಯ ಅಭ್ಯಾಸ. ಆದರೆ ಒಲೆಯ ಮುಂದೆ ಕೂರುವಂತೆ ಹಿಮ್ಮಡಿಗಳನ್ನು ನೆಲಕ್ಕೆ ಒತ್ತಿ ಕೂರುತ್ತಾರೆ. ಹಾಗೆ ಕುಳಿತವಳು ಎದ್ದುನಿಲ್ಲಬಲ್ಲಳೇ ಹೊರತು ಜಿಗಿದು ಹೊರಡಲಾರಳು. ಒಂದು ಪಾದವನ್ನು ಸ್ವಲ್ಪ ಮುಂದಿಟ್ಟು, ಇನ್ನೊಂದನ್ನು ಹಿಂದಿಟ್ಟು, ಭಾರವನ್ನು ಕಾಲ್ಬೆರಳುಗಳ ಬುಡದ ಮೇಲೆ ಹಾಕಿ, ಎರಡೂ ಕೈಗಳ ಬೆರಳ ತುದಿಗಳನ್ನು ಮುಂದೆ ನೆಲಕ್ಕೆ ತಾಗಿಸಿರಬೇಕು. ಪರೀಕ್ಷಿಸುವುದು ಸುಲಭ. ಬಯಲಿಗೆ ನೀರು ಚಿಮುಕಿಸಿ, ಮಕ್ಕಳನ್ನು ಎಬ್ಬಿಸಿ, ಚೌಕದಲ್ಲಿ ಉಳಿದ ಹೆಜ್ಜೆಯ ಗುರುತನ್ನು ನೋಡಿದರೆ ಸಾಕು. ಹಿಮ್ಮಡಿಯ ಗುಂಡು ಗುರುತು ಆಳವಾಗಿದ್ದರೆ ಅವಳಿಗೆ ಪಾಠ ಬಂದಿಲ್ಲ. ಏಳುವಾಗ ಕೈಯು ಮೊಣಕಾಲಿನ ಮೇಲೆ ಹೋದರೂ ಅದೇ ಅರ್ಥ. (ಕೂಡ್ಲಿಗಿಯ ಕಡೆಯ ಕೆಮ್ಮಣ್ಣಿನ ಗರಸಿನಲ್ಲಿ ಆಡಿದವರಿಗೆ ಮೊಣಕಾಲಿನ ಗಾಯವು ನೆನಪಿರಬಹುದು, ಕಲ್ಲು ಆರಿಸದೆ ಈ ಪಾಠವನ್ನು ಆರಂಭಿಸಬಾರದು.)

ಎರಡನೆಯದು ಖೋ ಕೊಡುವುದು ಮತ್ತು ಪಡೆಯುವುದು. ಖೋ ಹಿಂದಿನಿಂದಲೇ ಬರಬೇಕು. ಸ್ಪರ್ಶವೂ ಧ್ವನಿಯೂ ಕೂಡಿ ಬರಬೇಕು. ಉಪಾಧ್ಯಾಯಿನಿಯು ಕುಳಿತವರ ಬೆನ್ನ ಹಿಂದೆ ನಡೆಯುತ್ತ ಒಮ್ಮೆ ಸುಮ್ಮನೆ ಬೆನ್ನು ಮುಟ್ಟುತ್ತಾಳೆ, ಒಮ್ಮೆ ಕೇವಲ ಕೂಗುತ್ತಾಳೆ, ಒಮ್ಮೆ ಎರಡನ್ನೂ ಮಾಡುತ್ತಾಳೆ. ಮೂರನೆಯದಕ್ಕೆ ಮಾತ್ರ ಏಳಬೇಕು. ಮಕ್ಕಳು ಇದನ್ನು ನಗುನಗುತ್ತ ಕಲಿಯುತ್ತಾರೆ. ಕೊಟ್ಟವಳು ಕೂಡಲೇ ಆ ಚೌಕದಲ್ಲಿ, ಎದ್ದುಹೋದವಳ ಮುಖವಿದ್ದ ಕಡೆಗೇ ಮುಖಮಾಡಿ ಕುಳಿತುಕೊಳ್ಳತಕ್ಕದ್ದು. ಹೊಸಬರು ಎಡವುವುದು ಯಾರಿಗೆ ಖೋ ಕೊಡಬಹುದೆಂಬ ವಿಷಯದಲ್ಲಿ. ಮೂಡಣ ಪಕ್ಕದಲ್ಲಿ ಓಡುತ್ತಿರುವವಳಿಗೆ ಎಂಟು ಮಂದಿಯೂ ಕಾಣುತ್ತಾರಾದರೂ, ಬೆನ್ನು ತೋರಿಸಿ ಕುಳಿತವರು, ಅಂದರೆ ಪಡುವಣಕ್ಕೆ ಮುಖಮಾಡಿದವರು, ನಾಲ್ವರೇ. ಆ ನಾಲ್ವರಲ್ಲಿಯೂ ಯಾರ ಅಡ್ಡಪಟ್ಟಿಯನ್ನು ಅವಳು ದಾಟಿ ಮುಂದೆ ಹೋದಳೋ ಅವಳಿಗೆ ಹಿಂದಿರುಗಿ ಖೋ ಕೊಡುವಂತಿಲ್ಲ. ಹೀಗಾಗಿ ನಾಲ್ಕು, ಮೂರು, ಎರಡು, ಒಂದು ಎಂದು ಅವಳ ಅವಕಾಶಗಳು ಕಂಬ ಸಮೀಪಿಸಿದಂತೆ ತೀರುತ್ತ ಬರುತ್ತವೆ. ನಾವು ಮಕ್ಕಳನ್ನು ನಿಧಾನವಾಗಿ ನಡೆಸುತ್ತ ಈ ಎಣಿಕೆಯನ್ನು ಬಾಯಲ್ಲಿ ಹೇಳಿಸುತ್ತೇವೆ. ಎಣಿಕೆ ಬಂದ ಮೇಲೆ ತಡವಾದ ಖೋ ತಾನಾಗಿ ಕಡಿಮೆಯಾಗುತ್ತದೆ.

ಮೂರನೆಯ ಪಾಠವೇ ಅತ್ಯಂತ ಕಷ್ಟವಾದದ್ದು: ದಿಕ್ಕು ಹಿಡಿಯುವುದು. ಎದ್ದವಳು ತನ್ನ ಮುಖವಿರುವ ಕಡೆಗೆ ಹೊರಟು, ಎಡಕ್ಕಾಗಲಿ ಬಲಕ್ಕಾಗಲಿ ಒಂದು ಕಂಬದ ಕಡೆಗೆ ತಿರುಗಬಹುದು. ತಿರುಗಿದ ಮೇಲೆ ಆಯಿತು. ಹಿಂದಕ್ಕೆ ಹೆಜ್ಜೆ ಇಡದಿದ್ದರೂ, ಹಿಡಿದ ದಿಕ್ಕಿನಿಂದ ಅವಳ ಹೆಗಲು ಲಂಬಕೋನಕ್ಕಿಂತ ಹೆಚ್ಚಾಗಿ ಹೊರಳಿದರೆ ಅದು ಫೌಲ್ ಆಗುತ್ತದೆ. ತೀರ್ಪುಗಾರರ ಕಣ್ಣು ಇರುವುದು ಕಾಲಿನ ಮೇಲಷ್ಟೇ ಅಲ್ಲ, ಹೆಗಲಿನ ಮೇಲೂ ಎಂಬುದನ್ನು ನಮ್ಮಲ್ಲಿ ಅನೇಕರು ಮಕ್ಕಳಿಗೆ ಹೇಳುವುದೇ ಇಲ್ಲ.

ಆ ಹಡಗಲಿಯ ಬಾಲಿಕೆಯ ಕಥೆ ಇಲ್ಲಿಗೆ ಸೇರುತ್ತದೆ. ಒಂದು ಸಂಜೆ ಅವಳನ್ನು ಒಬ್ಬಳನ್ನೇ ಕರೆದು, ಓಟಗಾರ್ತಿಯರಿಲ್ಲದೆ ಚೌಕದಲ್ಲಿ ಕೂರಿಸಿ ಹತ್ತು ಸಲ ಖೋ ಕೊಟ್ಟು ನೋಡಿದೆವು. ಹತ್ತು ಸಲವೂ ಅವಳು ಬಲಕ್ಕೇ ತಿರುಗಿ ಹೊರಟಳು, ಒಂದು ಫೌಲ್ ಕೂಡ ಇಲ್ಲ. ಬಳಿಕ ಇನ್ನೊಬ್ಬಳನ್ನು ಎಡಗಡೆಯಲ್ಲಿ ಸುಮ್ಮನೆ ನಿಲ್ಲಿಸಿದೆವು. ಆಗಲೂ ಕಾಲು ಬಲಕ್ಕೇ ಹೊರಟಿತು. ಕಣ್ಣು ಮಾತ್ರ ನಿಂತವಳ ಕಡೆಗೆ ಹೋಯಿತು, ಕಣ್ಣಿನ ಹಿಂದೆ ಹೆಗಲೂ ಹೊರಳಿತು. ಬಲಗಾಲನ್ನು ಹಿಂದಿಟ್ಟು ಕೂರುವ ಅಭ್ಯಾಸವಿದ್ದುದರಿಂದ ಅವಳ ಮೊದಲ ಹೆಜ್ಜೆ ಯಾವಾಗಲೂ ಬಲಕ್ಕೇ ಬೀಳುತ್ತಿತ್ತು. ಓಟಗಾರ್ತಿಯು ಎಡಕ್ಕಿದ್ದರೆ ಫೌಲ್ ಖಂಡಿತ. ದೋಷವಿದ್ದದ್ದು ತಿರುಗುವುದರಲ್ಲಿ ಅಲ್ಲ, ಅದಕ್ಕಿಂತ ಎರಡು ಪಾಠ ಹಿಂದೆ, ಕೂರುವುದರಲ್ಲಿ. ಅವಳನ್ನು ಎಂಟು ದಿನ ಎರಡೂ ಪಾದಗಳನ್ನು ಸಮವಾಗಿಟ್ಟು ಕೂರಿಸಿದೆವು. ಹಾಗೆ ಕುಳಿತಾಗ ಏಳುವ ವೇಗವು ತುಸು ಕಡಿಮೆಯಾದೀತು, ಆದರೆ ಎರಡೂ ಕಡೆಗೆ ಸಮನಾಗಿ ಹೊರಡಬಹುದು. ಏಳುವ ಮೊದಲು, ಕುಳಿತಲ್ಲಿಯೇ, ಓಟಗಾರ್ತಿ ಎಲ್ಲಿರುವಳೆಂದು ಬಾಯಿಬಿಟ್ಟು ಹೇಳಿಸಿದೆವು. ಒಂಬತ್ತನೆಯ ದಿನ ಆಟಕ್ಕೆ ಬಿಟ್ಟಾಗ ಅವಳಿಂದ ಆದದ್ದು ಒಂದೇ ಫೌಲ್, ಅದೂ ತಡವಾದ ಖೋ. ಕಾಲುನೋವು ಮತ್ತೆ ಬರಲಿಲ್ಲ.

ಆದುದರಿಂದ ದಿಕ್ಕಿನ ಪಾಠದಲ್ಲಿ ಮೊದಲ ಕೆಲವು ದಿನ ಆಯ್ಕೆಯನ್ನೇ ಕೊಡುವುದಿಲ್ಲ: ಎಲ್ಲರೂ ಬಲಕ್ಕೆ, ಮರುವಾರ ಎಲ್ಲರೂ ಎಡಕ್ಕೆ. ಆಮೇಲೆ ಉಪಾಧ್ಯಾಯಿನಿಯು ಖೋ ಕೊಟ್ಟ ಕ್ಷಣದಲ್ಲಿ ಎದುರಿನಿಂದ ಒಬ್ಬಳು ಕೈಯೆತ್ತಿ ತೋರಿಸಿದ ಕಡೆಗೆ. ಕಡೆಯಲ್ಲಿ ಒಬ್ಬ ಓಟಗಾರ್ತಿಯನ್ನು ಬಿಡುತ್ತೇವೆ, ಅವಳೂ ನಡೆಯಬೇಕೇ ಹೊರತು ಓಡಕೂಡದು. ಅವಳು ಕುಳಿತವರ ನಡುವೆ ನುಸುಳಿ ಆಚೆಗೆ ಹೋದಾಗ ಹೊಸಬಳ ಕಾಲು ಹಿಂದೆಯೇ ನುಗ್ಗಲು ತವಕಿಸುತ್ತದೆ. ಆಗ ನಿಂತು, "ನಾನು ದಾಟಲಾರೆ, ಖೋ ದಾಟೀತು" ಎಂದು ಅರಿತು ಹತ್ತಿರದ ಬೆನ್ನಿಗೆ ಖೋ ಕೊಟ್ಟಳಾದರೆ, ಆ ಮಗುವಿಗೆ ಆಟ ತಿಳಿಯಿತೆಂದೇ ನಮ್ಮ ಎಣಿಕೆ.

ಕಂಬದ ಪಾಠ ನಾಲ್ಕನೆಯದು. ಕಂಬದ ಆಚೆಯ ಬಯಲಿನಲ್ಲಿ ದಿಕ್ಕಿನ ಕಟ್ಟಳೆಯಿಲ್ಲ. ಅಲ್ಲಿ ಸುತ್ತಿ ಇನ್ನೊಂದು ಪಕ್ಕಕ್ಕೆ ಬರಬಹುದು. ಒಳಗಿನ ಕೈಯಿಂದ ಕಂಬವನ್ನು ಹಿಡಿದು, ಸೊಂಟವನ್ನು ತಗ್ಗಿಸಿ ತಿರುಗಬೇಕು. ನೆಟ್ಟಗೆ ನಿಂತು ತಿರುಗುವವಳು ದೂರ ಎಸೆಯಲ್ಪಡುತ್ತಾಳೆ. ಅವಸರಪಡುವವಳು ಕಂಬ ಸುತ್ತುವ ಮೊದಲೇ ನಡುಪಟ್ಟಿಯನ್ನು ತುಳಿಯುತ್ತಾಳೆ. ಇದಕ್ಕೆ ಹೆಚ್ಚು ದಿನ ಬೇಕಾಗುವುದಿಲ್ಲ.

ನಮ್ಮ ಸಹೋದ್ಯೋಗಿ ಉಪಾಧ್ಯಾಯಿನಿಯೊಬ್ಬರು, ಹೀಗೆ ತುಂಡುಮಾಡಿದರೆ ಮಕ್ಕಳಿಗೆ ಬೇಸರವಾಗುವುದೆಂದು ಆಕ್ಷೇಪಿಸಿದರು. ಅವರ ಮಾತಿನಲ್ಲಿ ಹುರುಳಿತ್ತು. ಮೊದಲ ವರ್ಷ ಹಲವರು ಬೇಸತ್ತರು. ಅಂದಿನಿಂದ ಪ್ರತಿ ಅವಧಿಯ ಕಡೆಯ ಹತ್ತು ನಿಮಿಷ ಪೂರ್ಣ ಆಟ ಆಡಿಸುತ್ತೇವೆ. ಆದರೆ ಅಲ್ಲಿಯವರೆಗೆ ಕಲಿಸಿದ ಕಟ್ಟಳೆ ಮುರಿದಾಗ ಮಾತ್ರ ಸೀಟಿ. ಕೂರುವ ಪಾಠದ ವಾರದಲ್ಲಿ ಯಾರು ದಿಕ್ಕು ಬದಲಿಸಿದರೂ ನಾವು ಕುರುಡರು. ಮತ್ತೊಂದು ಕೊರತೆಯನ್ನೂ ಹೇಳಬೇಕು. ಹೀಗೆ ಕಲಿತವರು ಮೊದಲ ವರ್ಷ ಇತರ ಶಾಲೆಗಳೊಡನೆ ಆಡುವಾಗ ಫೌಲ್ ಮಾಡುವುದು ಕಡಿಮೆ, ಓಟಗಾರ್ತಿಯರನ್ನು ಹಿಡಿಯುವುದೂ ಕಡಿಮೆ. ಒಂಬತ್ತು ನಿಮಿಷದ ಸರದಿಯಲ್ಲಿ ನಮ್ಮವರು ಅಚ್ಚುಕಟ್ಟಾಗಿ ಖೋ ಕೊಡುತ್ತಲೇ ಇರುತ್ತಾರೆ, ಎದುರಿನವರು ತಪ್ಪಿಸಿಕೊಳ್ಳುತ್ತಲೇ ಇರುತ್ತಾರೆ. ಧೈರ್ಯದಿಂದ ಮೈಚಾಚಿ ಮುಟ್ಟುವುದು ಎರಡನೆಯ ವರ್ಷಕ್ಕೆ ಬರುತ್ತದೆ. ಬಹುಮಾನದ ಬಟ್ಟಲನ್ನು ಆ ವರ್ಷವೇ ಬಯಸುವವರಿಗೆ ನಮ್ಮ ಕ್ರಮವು ಹಿಡಿಸಲಾರದು.

2025ರ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದ ಪ್ರಥಮ ವಿಶ್ವಕಪ್ಪಿನಲ್ಲಿ ನಮ್ಮ ದೇಶದ ಮಹಿಳೆಯರು ನೇಪಾಳವನ್ನು 78ಕ್ಕೆ 40 ಅಂಕಗಳಿಂದ ಸೋಲಿಸಿದ ಮೇಲೆ, ಆ ತಂಡದಲ್ಲಿದ್ದ ತಿರುಮಕೂಡಲು ನರಸೀಪುರ ತಾಲ್ಲೂಕು ಕುರುಬೂರಿನ ಚೈತ್ರಾ ಅವರ ಹೆಸರು ನಮ್ಮ ಬಾಲಿಕೆಯರ ಬಾಯಲ್ಲಿಯೂ ಇದೆ. ಅವರಂತೆ ಓಡಬೇಕೆಂದು ಆರನೆಯ ತರಗತಿಯವರು ಬಂದು ಕೇಳುತ್ತಾರೆ. ಸದ್ಯಕ್ಕೆ ಆ ತರಗತಿಯು ಎರಡನೆಯ ಪಾಠದಲ್ಲಿದೆ; ಇಪ್ಪತ್ತನಾಲ್ವರಲ್ಲಿ ಐವರ ಚೌಕದಲ್ಲಿ ಹಿಮ್ಮಡಿಯ ಗುರುತು ಇನ್ನೂ ಉಳಿದಿದೆ. ವಾರ್ಷಿಕೋತ್ಸವಕ್ಕೆ ಬರುವ ಹಳೆಯ ವಿದ್ಯಾರ್ಥಿನಿಯರು ಬೆಳಿಗ್ಗೆ ಏಳೂವರೆಗೆ, ಬಿಸಿಲೇರುವ ಮೊದಲು, ಬಯಲಿಗೆ ಬಂದರೆ ಆ ಐವರ ಬೆನ್ನ ಹಿಂದೆ ನಡೆಯುವ ಕೆಲಸವನ್ನು ಅವರಿಗೆ ಒಪ್ಪಿಸುವೆವು.